ಮೊದಲ ಆಫರ್‌ಗೆ ಮುನ್ನ ಒಂದು ಲೆಕ್ಕ

ಕೆಲಸ ಕಳೆದುಕೊಂಡ ಸಹೋದ್ಯೋಗಿಗೆ ಗೆಳೆಯ ಬರೆಯುವ ಪತ್ರದಲ್ಲಿ ಸಮಾಧಾನದ ಮಾತಿಗಿಂತ ಮೊದಲು ಇರಬೇಕಾದದ್ದು ಒಂದು ಲೆಕ್ಕ: ಸಂಬಳವಿಲ್ಲದೆ ಮನೆ ಎಷ್ಟು ತಿಂಗಳು ನಡೆದೀತು? ಕೈಯಲ್ಲಿರುವ ಹಣ ಎಂದಿನವರೆಗೆ ಬರುತ್ತದೆಂದು ತಿಳಿಯದ ಭಯವೇ ಬಹಳ ಮಂದಿಯಿಂದ ಮೊದಲ ಆಫರ್‌ಗೆ ಸಹಿ ಹಾಕಿಸುತ್ತದೆ.

ಬೆಂಗಳೂರಿನಲ್ಲಿ ಒಂದೇ ಸಾಫ್ಟ್‌ವೇರ್ ಕಂಪನಿಯಲ್ಲಿ 6 ವರ್ಷ 8 ತಿಂಗಳು ದುಡಿದ ಟೆಸ್ಟಿಂಗ್ ಎಂಜಿನಿಯರ್ ಒಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕೈಗೆ ಬರುತ್ತಿದ್ದ ಸಂಬಳ ತಿಂಗಳಿಗೆ 92,000 ರೂಪಾಯಿ. ಅದರಲ್ಲಿ ಗ್ರಾಚ್ಯುಟಿಗೆ ಲೆಕ್ಕವಾಗುವ ಮೂಲವೇತನ 52,000. ಗ್ರಾಚ್ಯುಟಿ ಲೆಕ್ಕಹಾಕುವ ಬಗೆ ಸರಳ: ಮೂಲವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿದರೆ ಒಂದು ವರ್ಷದ ಪಾಲು ಸಿಗುತ್ತದೆ. ಇಲ್ಲಿ ಅದು 30,000. ಕೊನೆಯ ವರ್ಷದಲ್ಲಿ ಆರು ತಿಂಗಳಿಗಿಂತ ಹೆಚ್ಚು ಕೆಲಸ ಮಾಡಿದ್ದರೆ ಅದನ್ನೂ ಪೂರ್ತಿ ವರ್ಷವೆಂದೇ ಹಿಡಿಯುತ್ತಾರೆ. ಹಾಗಾಗಿ 7 ವರ್ಷಕ್ಕೆ 2,10,000. ನೋಟಿಸ್ ಅವಧಿಯ ಬದಲಿಗೆ ಕೊಟ್ಟ ಎರಡು ತಿಂಗಳ ಸಂಬಳ ತೆರಿಗೆ ಕಳೆದು 1,80,000, ಬ್ಯಾಂಕಿನಲ್ಲಿರುವ ಉಳಿತಾಯ 80,000. ಒಟ್ಟು 4,70,000. ಪಿಎಫ್ ಹಣವನ್ನು ಈ ಲೆಕ್ಕಕ್ಕೆ ಸೇರಿಸದಿರುವುದೇ ಒಳ್ಳೆಯದು; ಅದು ಕೊನೆಯ ಆಸರೆ.

ಮನೆಯ ಖರ್ಚು 72,000 ಇದ್ದದ್ದು ಬಿಗಿಹಿಡಿದರೆ 59,000ಕ್ಕೆ ಇಳಿಯುತ್ತದೆ ಎನ್ನೋಣ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ನಿಲ್ಲುವುದರಿಂದ ಸ್ವಂತ ಆರೋಗ್ಯ ವಿಮೆಯ ಕಂತೂ ಈ ಮೊತ್ತದಲ್ಲೇ ಸೇರಿರಬೇಕು. ಹೀಗೆ ಹಣ ಸುಮಾರು 8 ತಿಂಗಳು ಬರುತ್ತದೆ. ಆದರೆ ಆಫರ್ ಒಪ್ಪಿ ಕೆಲಸಕ್ಕೆ ಸೇರುವಷ್ಟರಲ್ಲಿ ಕೆಲವು ವಾರ ಕಳೆಯುತ್ತವೆ, ಮೊದಲ ಸಂಬಳ ತಿಂಗಳ ಕೊನೆಗೆ ಬರುತ್ತದೆ. ಆ ಎರಡು ತಿಂಗಳು ಕಳೆದರೆ ನಿಜವಾದ ಗಡುವು 6 ತಿಂಗಳು. ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಂಡವರಿಗೆ ಐದನೇ ವಾರದಲ್ಲಿ ಬಂದ ಆಫರ್ ಬೇರೆಯೇ ತೂಕದ್ದಾಗಿ ಕಾಣುತ್ತದೆ.

ಹುಡುಕಾಟದ ಪಟ್ಟಿಗೆ ಒಂದು ಶೀಟ್ ಸಾಕು: ಕಂಪನಿ, ಹುದ್ದೆ, ಶಿಫಾರಸು ಮಾಡಿದವರು, ಅರ್ಜಿ ಹಾಕಿದ ದಿನ, ಎಷ್ಟನೇ ಸುತ್ತು, ಮುಂದೆ ಯಾವ ದಿನ ವಿಚಾರಿಸಬೇಕು. ಇದರಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಕೊನೆಯ ಕಾಲಂ. ಎಲ್ಲ ಕಡೆಗೂ ಒಂದೇ ದಿನ ಅರ್ಜಿ ಹಾಕುವುದು ಸಾಮಾನ್ಯ ತಪ್ಪು. ಸಣ್ಣ ಸ್ಟಾರ್ಟ್‌ಅಪ್ ಹತ್ತು ದಿನದಲ್ಲಿ ತೀರ್ಮಾನ ಹೇಳಿಬಿಡಬಹುದು, ದೊಡ್ಡ ಕಂಪನಿಯ ಸುತ್ತುಗಳು ಆರೇಳು ವಾರ ಎಳೆಯಬಹುದು. ನಿಧಾನದ ಕಂಪನಿಗಳಿಗೆ ಮೊದಲು, ಬೇಗ ಮುಗಿಸುವವರಿಗೆ ಮೂರ್ನಾಲ್ಕು ವಾರದ ನಂತರ ಅರ್ಜಿ ಹೋದರೆ ಆಫರ್‌ಗಳು ಹತ್ತಿರ ಹತ್ತಿರ ಬರುತ್ತವೆ. ಹೋಲಿಸಲು ಎರಡು ಆಫರ್ ಕೈಯಲ್ಲಿರುವುದಕ್ಕಿಂತ ದೊಡ್ಡ ಧೈರ್ಯವಿಲ್ಲ.

ಈಗ ಆ ಐದನೇ ವಾರದ ಆಫರ್: ವರ್ಷಕ್ಕೆ 13.5 ಲಕ್ಷ ಸಿಟಿಸಿ, ಮೂರು ದಿನದಲ್ಲಿ ಒಪ್ಪಿಗೆ ಹೇಳಬೇಕು. ದೊಡ್ಡ ಅಂಕಿಯನ್ನು ಬಿಡಿಸಿ ನೋಡಿದರೆ 1.5 ಲಕ್ಷ ಸಾಧನೆಗೆ ತಕ್ಕ ವೇರಿಯಬಲ್, ಬರುವ ಖಾತ್ರಿಯಿಲ್ಲ. 1 ಲಕ್ಷ ಜಾಯ್ನಿಂಗ್ ಬೋನಸ್, ವರ್ಷದೊಳಗೆ ಬಿಟ್ಟರೆ ಹಿಂತಿರುಗಿಸಬೇಕೆಂಬ ಷರತ್ತಿನದು. ಕಂಪನಿಯ ಪಿಎಫ್ ಪಾಲು ಮತ್ತು ಗ್ರಾಚ್ಯುಟಿ ಸೇರಿ 80,000, ಅದೂ ಈಗ ಕೈಗೆ ಬಾರದ್ದು. ಉಳಿದದ್ದು 10.2 ಲಕ್ಷ, ಅಂದರೆ ತಿಂಗಳಿಗೆ 85,000. ನೌಕರರ ಪಿಎಫ್ ಪಾಲು ಮತ್ತು ವೃತ್ತಿ ತೆರಿಗೆ ಹೋಗಿ ಕೈಗೆ ಸುಮಾರು 80,000. ಹಳೆಯ ಸಂಬಳಕ್ಕಿಂತ 12,000 ಕಡಿಮೆ, ಆದರೆ ಮನೆಯ ಹಳೆಯ ಖರ್ಚಿಗಿಂತ ಹೆಚ್ಚು. ಇದು ಕೆಟ್ಟ ಆಫರ್ ಅಲ್ಲ, ಅವಸರದ ಆಫರ್.

ಇದಕ್ಕೆ ಉತ್ತರ ‘ಇಲ್ಲ’ ಎಂದಾಗಬೇಕಿಲ್ಲ. ಆಫರ್ ಪತ್ರವನ್ನು ಬರಹದಲ್ಲಿ ತರಿಸಿಕೊಂಡು, ತೀರ್ಮಾನಕ್ಕೆ ಒಂದು ವಾರ ಇಮೇಲ್‌ನಲ್ಲಿ ಕೇಳಬಹುದು. ಅದೇ ದಿನ, ಸುತ್ತುಗಳು ನಡೆಯುತ್ತಿರುವ ಉಳಿದ ಕಂಪನಿಗಳ ಎಚ್‌ಆರ್‌ಗೆ ಆಫರ್ ಬಂದಿದೆ, ಇಂಥ ದಿನದೊಳಗೆ ಉತ್ತರ ಕೊಡಬೇಕು ಎಂದು ತಿಳಿಸಿದರೆ ಎಷ್ಟೋ ಸಲ ಮುಂದಿನ ಸುತ್ತು ಬೇಗ ಬರುತ್ತದೆ. ಲೇಆಫ್ ಆದವರ ಬಳಿ ಕೆಲಸದಲ್ಲಿರುವವರಿಗಿಲ್ಲದ ಒಂದು ಅನುಕೂಲವೂ ಇದೆ: 60 ಅಥವಾ 90 ದಿನ ನೋಟಿಸ್ ಮುಗಿಸಬೇಕಾಗಿಲ್ಲ, ತಕ್ಷಣ ಸೇರಬಹುದು. ತುರ್ತಾಗಿ ಜನ ಬೇಕಾದ ಕಂಪನಿ ಇದಕ್ಕೆ ಬೆಲೆ ಕೊಡುತ್ತದೆ. ಸಂಬಳದ ಮಾತಿನಲ್ಲಿ ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ.

ಒಂದು ದಿನವೂ ಹೆಚ್ಚಿಗೆ ಕೊಡದ, ಪತ್ರ ಕಳಿಸದೆ ಫೋನಿನಲ್ಲೇ ಒಪ್ಪಿಗೆ ಕೇಳುವ ಕಂಪನಿಯ ಬಗ್ಗೆ ಎಚ್ಚರ ಬೇಕು. ಠೇವಣಿ ಅಥವಾ ತರಬೇತಿ ಶುಲ್ಕ ಕೇಳಿದರೆ ಅದು ಮೋಸವೆಂದೇ ತಿಳಿಯಬೇಕು. ಒಪ್ಪಿದ ಮೇಲೂ ಪತ್ರ ಹಿಂಪಡೆದ ಪ್ರಸಂಗಗಳಿರುವುದರಿಂದ, ಸೇರುವ ದಿನದವರೆಗೆ ಪಟ್ಟಿಯನ್ನು ಮುಚ್ಚದಿರುವುದು ಲೇಸು.

ವಾರ ಕಳೆದರೂ ಬೇರೆ ಆಫರ್ ಬಾರದಿದ್ದರೆ ಮತ್ತೆ ಗಡುವಿನ ತಾರೀಖನ್ನೇ ನೋಡಬೇಕು. ಇನ್ನೂ ನಾಲ್ಕೂವರೆ ತಿಂಗಳು ಉಳಿದಿದ್ದು, ಕೊನೆಯ ಸುತ್ತಿನಲ್ಲಿರುವ ಕಂಪನಿಗಳು ಎರಡು ಮೂರಿದ್ದರೆ ಕಾಯಬಹುದು. ಇದೇ ಆಫರ್ ಐದನೇ ತಿಂಗಳಲ್ಲಿ ಬಂದು, ಪಟ್ಟಿಯಲ್ಲಿ ಬೇರೆ ಯಾರೂ ಉಳಿದಿಲ್ಲವಾದರೆ 80,000ಕ್ಕೆ ಒಪ್ಪಿಕೊಳ್ಳುವುದೇ ಸರಿಯಾದ ಲೆಕ್ಕ.