ಪರದೆ ಹೋಯಿತು, ಹಸಿರು ಉಳಿಯಿತು

ಭರತನಾಟ್ಯ ರಂಗಪ್ರವೇಶದ ಆಮಂತ್ರಣ ಪತ್ರಿಕೆಗಳ ಮೇಲಿನ ಚಿತ್ರಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹುಡುಗಿ ನಿಂತಿರುವುದು ಬೇಲೂರಿನ ಗುಡಿಯ ಮುಂದೆ. ಆದರೆ ಕೆಲವು ಚಿತ್ರಗಳಲ್ಲಿ ಮುಡಿದ ಮಲ್ಲಿಗೆಗೆ ತಿಳಿ ಹಸಿರು ಛಾಯೆ ಇರುತ್ತದೆ, ದವಡೆಯ ಅಂಚಿನಲ್ಲಿ ಪಾಚಿ ಹಿಡಿದಂಥ ಗೆರೆ ಇರುತ್ತದೆ, ಹಣೆಯ ಮೇಲಿನ ಮುಂಗುರುಳು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಮೊಂಡಾಗಿರುತ್ತದೆ. ಅವಳು ನಿಂತಿದ್ದು ಗುಡಿಯ ಮುಂದಲ್ಲ, ಸ್ಟುಡಿಯೊದ ಹಸಿರು ಪರದೆಯ ಮುಂದೆ ಎಂದು ಆ ಹಸಿರೇ ಸಾರಿ ಹೇಳುತ್ತದೆ.

ಒಂದೇ ಬಣ್ಣದ ಪರದೆಯ ಮುಂದೆ ಚಿತ್ರ ತೆಗೆದು, ಆ ಬಣ್ಣವನ್ನೇ ಗುರುತು ಹಿಡಿದು ಅಳಿಸಿ, ಬೇರೆ ಹಿನ್ನೆಲೆ ಕೂರಿಸುವುದಕ್ಕೆ ಕ್ರೋಮಾ ಕೀಯಿಂಗ್ ಎನ್ನುತ್ತಾರೆ. ಇದು ಹಳೆಯ ವಿದ್ಯೆ. 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರದಲ್ಲಿ ಲ್ಯಾರಿ ಬಟ್ಲರ್ ನೀಲಿ ಪರದೆ ಬಳಸಿದರು. ನೀಲಿ ಪರದೆಯ ಲೆಕ್ಕವನ್ನು ಇನ್ನಷ್ಟು ನಾಜೂಕು ಮಾಡಿದ ಪೆಟ್ರೊ ವ್ಲಾಹೋಸ್ ಅವರ ವಿಧಾನ 1959ರ ‘ಬೆನ್-ಹರ್’ನಲ್ಲಿ ಬಳಕೆಯಾಯಿತು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಹಸಿರು ಮುಂದೆ ಬಂತು. ಸಾಮಾನ್ಯ ಕ್ಯಾಮೆರಾದ ಸೆನ್ಸರ್ ಮೇಲಿನ ಬಣ್ಣದ ಫಿಲ್ಟರ್‌ಗಳಲ್ಲಿ ಅರ್ಧದಷ್ಟು ಹಸಿರೇ ಆಗಿರುವುದರಿಂದ ಹಸಿರಿನ ವಿವರ ಹೆಚ್ಚು ಸ್ವಚ್ಛವಾಗಿ ದಾಖಲಾಗುತ್ತದೆ.

ಈ ಲೆಕ್ಕ ಕಷ್ಟದ್ದೇನಲ್ಲ. ಕಂಪ್ಯೂಟರಿನಲ್ಲಿ ಚಿತ್ರದ ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಿರುತ್ತವೆ, ಒಂದೊಂದೂ 0ಯಿಂದ 255ರ ನಡುವೆ. ನಮ್ಮ ಪರದೆಯ ಚುಕ್ಕೆ ಕೆಂಪು 60, ಹಸಿರು 180, ನೀಲಿ 60 ಎಂದಿಟ್ಟುಕೊಳ್ಳೋಣ. ಇಲ್ಲಿ ಹಸಿರು ಉಳಿದೆರಡಕ್ಕಿಂತ 120 ಹೆಚ್ಚಿದೆ. ಆ ಹೆಚ್ಚಳವೇ ಪರದೆಯ ಗುರುತು. ಮನುಷ್ಯರ ಚರ್ಮದಲ್ಲಿ, ಬಣ್ಣ ಎಷ್ಟೇ ಕಪ್ಪಿರಲಿ ಬಿಳಿಯಿರಲಿ, ಕೆಂಪಿನ ಪಾಲು ಹಸಿರಿಗಿಂತ ಹೆಚ್ಚಿರುತ್ತದೆ. ಹಾಗಾಗಿ ಮುಖದ ಮೇಲೆ ಹಸಿರಿನ ಹೆಚ್ಚಳ ಸೊನ್ನೆ, ಮುಖ ಅಳಿಸಿ ಹೋಗುವುದಿಲ್ಲ.

ನಿಜವಾದ ಪರೀಕ್ಷೆ ಇರುವುದು ಕೂದಲಿನಲ್ಲಿ. ಹಾರುವ ಒಂದು ಎಳೆ ಚುಕ್ಕೆಯ ಅರ್ಧವನ್ನಷ್ಟೇ ತುಂಬುತ್ತದೆ, ಉಳಿದರ್ಧದಲ್ಲಿ ಪರದೆ ಇರುತ್ತದೆ. ಕೂದಲು 40, 40, 40 ಎಂದಾದರೆ ಎರಡೂ ಬೆರೆತ ಚುಕ್ಕೆ 50, 110, 50 ಎಂದು ಬರುತ್ತದೆ. ಹಸಿರಿನ ಹೆಚ್ಚಳ 60, ಅಂದರೆ ಪರದೆಯ 120ರ ಅರ್ಧ. ಹಾಗಾದರೆ ಈ ಚುಕ್ಕೆಯನ್ನು ಅರ್ಧ ಪಾರದರ್ಶಕ ಮಾಡಬೇಕು. ಅಷ್ಟೇ ಅಲ್ಲ, ಅದರಲ್ಲಿ ಬೆರೆತ ಅರ್ಧ ಪರದೆಯನ್ನು, ಅಂದರೆ 30, 90, 30ನ್ನು ಕಳೆಯಬೇಕು. ಉಳಿಯುವುದು 20, 20, 20. ಅದು ಅರ್ಧ ಎಳೆಯ ಬಣ್ಣ. ದುಪ್ಪಟ್ಟು ಮಾಡಿದರೆ 40, 40, 40, ನಮ್ಮ ಕೂದಲು ವಾಪಸು ಬಂತು! ಮ್ಯಾಜಿಕ್ ಕಡ್ಡಿಯಂಥ ಆಯ್ಕೆ ಸಾಧನದಿಂದ ಹಸಿರನ್ನು ಆರಿಸಿ ಅಳಿಸುವವರು ಇದೇ ಜಾಗದಲ್ಲಿ ಎಡವುತ್ತಾರೆ. ಒಂದು ಚುಕ್ಕೆ ಇರಬೇಕೋ ಹೋಗಬೇಕೋ ಎಂಬ ಎರಡೇ ಉತ್ತರ ಇಟ್ಟುಕೊಂಡರೆ ಮುಂಗುರುಳು ಮೊಂಡಾಗದೆ ಇನ್ನೇನಾಗುತ್ತದೆ?

ಇಷ್ಟಾದರೆ ಪರದೆ ಹೋದಂತೆ. ಆದರೆ ಪರದೆ ಬರೀ ಹಿಂದೆ ನಿಂತಿರುವುದಿಲ್ಲ. ಅದರ ಮೇಲೆ ಬಿದ್ದ ಬೆಳಕು ಹಸಿರಾಗಿ ಮರಳಿ ಚಿಮ್ಮಿ ಹುಡುಗಿಯ ಭುಜ, ಕಿವಿ, ದವಡೆ, ಒಡವೆಗಳ ಮೇಲೆ ಕೂರುತ್ತದೆ. ಇದಕ್ಕೆ ಸ್ಪಿಲ್ ಎನ್ನುತ್ತಾರೆ. ಮಲ್ಲಿಗೆ ಬಿಳಿ, ಬಿಳಿಯಲ್ಲಿ ಮೂರೂ ಅಂಕಿ ಸಮ ಇರಬೇಕು. ಸ್ಪಿಲ್ ಬಿದ್ದಾಗ ಅದು 225, 240, 225 ಆಗಬಹುದು. ಹಸಿರು 15 ಹೆಚ್ಚಾಯಿತು, 120ರ ಎಂಟನೇ ಒಂದು ಪಾಲು. ಕಂಪ್ಯೂಟರ್ ಹೂವನ್ನೂ ಅಷ್ಟು ಪಾರದರ್ಶಕ ಮಾಡಿಬಿಡುತ್ತದೆ, ಮಲ್ಲಿಗೆಯೊಳಗಿಂದ ಬೇಲೂರಿನ ಕಲ್ಲು ಮಸುಕಾಗಿ ಕಾಣತೊಡಗುತ್ತದೆ. ಪಾರದರ್ಶಕತೆಯ ನಕ್ಷೆಯನ್ನು ಕಪ್ಪು-ಬಿಳುಪಿನಲ್ಲಿ ತೆರೆದು ನೋಡಿದರೆ ಈ ತಪ್ಪು ತಕ್ಷಣ ಸಿಗುತ್ತದೆ. ಹುಡುಗಿಯ ಆಕೃತಿ ಅಪ್ಪಟ ಬಿಳಿಯಾಗಿರಬೇಕು, ಅಂಚಿನಲ್ಲಿ ಮಾತ್ರ ಬೂದು ಇರಬೇಕು. ಒಳಗೆಲ್ಲಾದರೂ ಬೂದು ಕಂಡರೆ ಬಿಳಿ ಕುಂಚದಿಂದ ತುಂಬಿಬಿಡಬೇಕು.

ಪಾರದರ್ಶಕತೆ ಸರಿಹೋದರೂ ಹೂವಿನ ಹಸಿರು ಹಾಗೇ ಉಳಿದಿರುತ್ತದೆ. ಅದನ್ನು ತೆಗೆಯುವ ಸೂತ್ರ ಒಂದೇ ಸಾಲಿನದು:

```
g = min(g, (r + b) / 2)
```

ಹಸಿರು ಎಂದೂ ಕೆಂಪು-ನೀಲಿಗಳ ಸರಾಸರಿಯನ್ನು ದಾಟಬಾರದು, ದಾಟಿದರೆ ಅಲ್ಲಿಗೇ ಇಳಿಸು ಎಂಬುದು ಇದರ ಅಪ್ಪಣೆ. ಮಲ್ಲಿಗೆಯ 240 ಇಳಿದು 225 ಆಗುತ್ತದೆ, ಹೂವು ಬಿಳಿಯಾಗುತ್ತದೆ. ಸ್ಪಿಲ್ ಬಿದ್ದ ದವಡೆ 150, 160, 110 ಇದ್ದರೆ ಹಸಿರು 130ಕ್ಕೆ ಬಂದು ಚರ್ಮದ ಬಣ್ಣ ಮರಳುತ್ತದೆ. ಬೆಳಕಿಗೆ ಎದುರಾಗಿರುವ ಕೆನ್ನೆ 200, 165, 140. ಅಲ್ಲಿ ಸರಾಸರಿ 170 ಇರುವುದರಿಂದ ಸೂತ್ರ ಅದರ ಗೋಜಿಗೇ ಹೋಗುವುದಿಲ್ಲ.

ಪೇಚು ಬರುವುದು ಚಿನ್ನದಲ್ಲಿ. ಹಳದಿ ಎಂದರೆ ಕೆಂಪೂ ಹಸಿರೂ ಜೊತೆಗೂಡಿದ ಬಣ್ಣ. ಸ್ಪಿಲ್ ಇಲ್ಲದ ಒಡವೆಯೂ 200, 160, 60 ಇರುತ್ತದೆ. ಸರಾಸರಿ 130 ಎಂದು ಸೂತ್ರ ಹಸಿರನ್ನು ಕೊಯ್ದರೆ ಚಿನ್ನದ ಸೊಂಟಪಟ್ಟಿ ತಾಮ್ರವಾಗುತ್ತದೆ, ಅರಿಶಿನ ಬಣ್ಣದ ಸೆರಗು ಕಿತ್ತಳೆಯಾಗುತ್ತದೆ. ಸರಾಸರಿಯ ಬದಲು ಕೆಂಪು-ನೀಲಿಗಳಲ್ಲಿ ದೊಡ್ಡದನ್ನು ಮಿತಿಯಾಗಿಟ್ಟರೆ ಚಿನ್ನ ಉಳಿಯುತ್ತದೆ, ಆದರೆ ದವಡೆಯ ಹಸಿರು 150ರವರೆಗೂ ಉಳಿದು ಮುಖ ಹಳದಿ ಹೊಡೆಯುತ್ತದೆ. ನನ್ನ ಪ್ರಕಾರ ಇಡೀ ಚಿತ್ರಕ್ಕೆ ಒಂದೇ ಸೂತ್ರ ಹಚ್ಚುವುದೇ ತಪ್ಪು. ಚರ್ಮ, ಕೂದಲು, ಮಲ್ಲಿಗೆಗೆ ಸರಾಸರಿ ಇರಲಿ. ಒಡವೆಯ ಸುತ್ತ ಮಾಸ್ಕ್ ಬರೆದು ಅಲ್ಲಿ ಮಾತ್ರ ಎರಡನೆಯ ಮಿತಿ ಹಾಕುವುದು ಒಳ್ಳೆಯದು. ತಾಳ್ಮೆಯ ಕೆಲಸ ನಿಜ, ಆದರೆ ತಾಮ್ರದ ಒಡವೆ ತೊಟ್ಟ ಮಗಳ ಚಿತ್ರವನ್ನು ಯಾವ ತಾಯಿಯೂ ಒಪ್ಪುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕಣ್ಣಿಗೆ ಕಾಣುವ ಹೊಳಪಿನಲ್ಲಿ ದೊಡ್ಡ ಪಾಲು ಹಸಿರಿನದೇ. ಹಸಿರನ್ನು ಇಳಿಸಿದರೆ ಆ ಭಾಗ ಮಂಕಾಗಿ, ಆಕೃತಿಯ ಸುತ್ತ ಕಪ್ಪು ಅಂಚು ಮೂಡುತ್ತದೆ. ಕಳೆದುಹೋದ ಹೊಳಪನ್ನು ಹೊಸ ಹಿನ್ನೆಲೆಯ ಬಣ್ಣದಲ್ಲಿ ಸ್ವಲ್ಪ ಮರಳಿ ತುಂಬಿದರೆ, ಸಂಜೆಯ ಗುಡಿಯಾದರೆ ತುಸು ಕೇಸರಿ ಬೆರೆಸಿದರೆ, ಹುಡುಗಿ ಆ ಜಾಗದಲ್ಲೇ ನಿಂತಿದ್ದಾಳೆ ಎನಿಸುತ್ತದೆ.

ಇದಿಷ್ಟು ಕಂಪ್ಯೂಟರ್ ಮುಂದಿನ ಕೆಲಸ. ಇದರಲ್ಲಿ ಎಷ್ಟೋ ಪಾಲು ಕ್ಯಾಮೆರಾ ಮುಂದೆಯೇ ತಪ್ಪಿಸಬಹುದು. ಪರದೆಯಿಂದ ಆರೇಳು ಅಡಿ ಮುಂದೆ ನಿಂತರೆ ಸ್ಪಿಲ್ ಬಹಳ ಕಡಿಮೆಯಾಗುತ್ತದೆ. ಪರದೆಗೆ ಬೇರೆ ಲೈಟು, ಆಕೆಗೆ ಬೇರೆ ಲೈಟು ಇರಬೇಕು. ಪರದೆಯ ಮೇಲೆ ಸುಕ್ಕಾಗಲಿ ನೆರಳಾಗಲಿ ಇದ್ದರೆ ಮೇಲಿನ 120 ಎಂಬ ಅಂಕಿ ಒಂದೊಂದು ಕಡೆ ಒಂದೊಂದಾಗಿ ಲೆಕ್ಕ ಕೆಡುತ್ತದೆ. ಚಿತ್ರವನ್ನು ರಾ ಫೈಲಾಗಿ ಉಳಿಸಬೇಕು. ಜೆಪೆಗ್ ಸಾಮಾನ್ಯವಾಗಿ ಹೊಳಪನ್ನು ಪೂರ್ತಿ ಇಟ್ಟುಕೊಂಡು ಬಣ್ಣದ ವಿವರವನ್ನು ಕಡಿಮೆ ಮಾಡುವುದರಿಂದ ಕೂದಲಿನ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ.

ಇನ್ನು ಗಿಳಿ ಹಸಿರು ರವಿಕೆ. ಅದು 90, 170, 60 ಇದ್ದರೆ ಹಸಿರಿನ ಹೆಚ್ಚಳ 80, ಹಸಿರು ಪರದೆಯ ಮುಂದೆ ರವಿಕೆಯ ಮೂರನೇ ಎರಡು ಪಾಲು ಮಾಯವಾಗುತ್ತದೆ. ಅಂಥ ಸೀರೆ, ರವಿಕೆಗೆ ನೀಲಿ ಪರದೆಯೇ ಸರಿ. ನೃತ್ಯದ ಉಡುಗೆ ಯಾವ ಬಣ್ಣದ್ದು ಎಂದು ಸ್ಟುಡಿಯೊದವರಿಗೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿಬಿಡಿ.