ಮೊದಲು ಹತ್ತು ಮಾಡಿಕೋ, ಆಮೇಲೆ ಕೂಡಿಸು

ಎರಡನೇ ತರಗತಿಯ ಮಕ್ಕಳಿಗೆ ಎಂಟಕ್ಕೆ ಐದು ಕೂಡಿಸಿದರೆ ಎಷ್ಟು ಎಂದು ಬಾಯಲ್ಲೇ ಕೇಳಿ. 13 ಎನ್ನುವವರ ಜೊತೆಗೆ 12 ಎನ್ನುವವರೂ 15 ಎನ್ನುವವರೂ ಸಿಗುತ್ತಾರೆ. ಇವೆರಡೂ ತಪ್ಪೇ, ಆದರೆ ಒಂದೇ ಬಗೆಯ ತಪ್ಪಲ್ಲ.

12 ಎಂದ ಮಗು ಬಹುಮಟ್ಟಿಗೆ ಬೆರಳು ಮಡಚುತ್ತಾ ಎಂಟರಿಂದಲೇ ಎಣಿಕೆ ಶುರುಮಾಡಿರುತ್ತದೆ: ಎಂಟು, ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು. ಐದು ಬೆರಳು ಮುಗಿಯಿತು, ಒಂದು ಕಡಿಮೆ ಬಂತು. 15 ಎಂದ ಮಗು ಇನ್ನೂ ಮುಂದೆ ಹೋಗಿದೆ. ಎಂಟನ್ನು ಹತ್ತು ಮಾಡಿಕೊಂಡಿದೆ, ಆದರೆ ಅದಕ್ಕೆ ಬೇಕಾದ ಎರಡನ್ನು ಐದರಿಂದಲೇ ತೆಗೆದದ್ದು ಮರೆತು ಇಡೀ ಐದನ್ನು ಸೇರಿಸಿಬಿಟ್ಟಿದೆ. ಹಾಗಾಗಿ ಉತ್ತರ ಕೇಳಿದ ಮೇಲೆ ‘ಹೇಗೆ ಮಾಡಿದೆ, ಹೇಳು’ ಎಂದು ಕೇಳಲೇಬೇಕು. ಸರಿಯುತ್ತರ ಕೊಟ್ಟ ಮಗುವನ್ನೂ ಕೇಳಬೇಕು. ಒಂದೊಂದಾಗಿ ಎಣಿಸಿ 13 ಮುಟ್ಟಿದ ಮಗು 38ಕ್ಕೆ 27 ಕೂಡಿಸುವಾಗ ನಡುದಾರಿಯಲ್ಲೇ ಎಣಿಕೆ ತಪ್ಪಿಸಿಕೊಳ್ಳುತ್ತದೆ.

ಹತ್ತು ಮಾಡುವ ಉಪಾಯದಲ್ಲಿ ಮೂರು ಹೆಜ್ಜೆಗಳಿವೆ. ಎಂಟು ಹತ್ತಾಗಲು ಇನ್ನೆಷ್ಟು ಬೇಕು? ಎರಡು. ಐದರಿಂದ ಎರಡು ಕೊಟ್ಟರೆ ಉಳಿಯುವುದೆಷ್ಟು? ಮೂರು. ಹತ್ತು ಮತ್ತು ಮೂರು ಸೇರಿದರೆ? ಹದಿಮೂರು. ಒಂದು ಹೆಜ್ಜೆ ಗಟ್ಟಿಯಿಲ್ಲದಿದ್ದರೂ ಲೆಕ್ಕ ತಡವರಿಸುತ್ತದೆ.

ಬಾಯಿಲೆಕ್ಕಕ್ಕೆ ಮೊದಲು ಇದನ್ನು ಮಗು ಕಣ್ಣಾರೆ ನೋಡಲಿ. ನೆಲದ ಮೇಲೆ ಸೀಮೆಸುಣ್ಣದಿಂದ ಮೇಲೊಂದು ಕೆಳಗೊಂದು ಸಾಲಿನಲ್ಲಿ ಐದೈದು ಮನೆ ಬರೆಯಿರಿ. ಎಂಟು ಹುಣಸೆ ಬೀಜಗಳನ್ನು ಮನೆಗೊಂದರಂತೆ ತುಂಬಿ, ಐದನ್ನು ಹೊರಗಿಡಿ. ಎರಡು ಮನೆ ಖಾಲಿ ಇರುವುದು ಎಣಿಸದೆಯೇ ಕಾಣುತ್ತದೆ. ಹೊರಗಿನ ಎರಡು ಬೀಜ ಒಳಗೆ ಸರಿದಾಗ ಹತ್ತು ತುಂಬಿ ಮೂರು ಉಳಿಯುತ್ತದೆ. 15 ಎಂದ ಮಗುವಿಗೆ ಇದೇ ಮದ್ದು: ಒಳಗೆ ಹೋದ ಬೀಜ ಹೊರಗೂ ಇರಲಾರದು ಎಂಬುದನ್ನು ಕೈಯೇ ಕಲಿಸುತ್ತದೆ. ಕೆಲವು ದಿನಗಳ ನಂತರ ಬೀಜ ಮುಟ್ಟದೆ ಬರೀ ನೋಡಿ ಹೇಳಲಿ, ಆಮೇಲೆ ಕಣ್ಣು ಮುಚ್ಚಿ ಹೇಳಲಿ.

ಆ ಮೇಲೆ ದಿನಕ್ಕೆ ಮೂರು ನಿಮಿಷದ ಬಾಯಿಲೆಕ್ಕ ಸಾಕು. ಪೂರ್ತಿ ಲೆಕ್ಕಕ್ಕಿಂತ ಮುಂಚೆ ಹೆಜ್ಜೆಗಳನ್ನು ಬಿಡಿಬಿಡಿಯಾಗಿ ಕೇಳಬೇಕು.

ಹತ್ತರ ಜೋಡಿ: ನೀವು ‘ಏಳು’ ಎಂದರೆ ಮಗು ‘ಮೂರು’ ಎನ್ನಬೇಕು. ‘ನಾಲ್ಕು’ ಎಂದರೆ ‘ಆರು’, ‘ಒಂಬತ್ತು’ ಎಂದರೆ ‘ಒಂದು’.

ಒಡೆಯುವ ಆಟ: ‘ಆರರಲ್ಲಿ ಎರಡು ಕೊಟ್ಟೆ, ಉಳಿದದ್ದು?’ ‘ನಾಲ್ಕು.’ ‘ಏಳರಲ್ಲಿ ಒಂದು ಕೊಟ್ಟೆ?’ ‘ಆರು.’

ಹತ್ತರ ಮೇಲೆ: ‘ಹತ್ತು ಮತ್ತು ನಾಲ್ಕು?’ ‘ಹದಿನಾಲ್ಕು.’ ‘ಹತ್ತು ಮತ್ತು ಏಳು?’ ‘ಹದಿನೇಳು.’

ಈ ಮೂರೂ ಬೆರಳಿಲ್ಲದೆ ಬರತೊಡಗಿದ ಮೇಲೆ 9+4, 8+6, 9+7 ಕೇಳಿ. ಮಗು ಇನ್ನೂ ಒಳಗೊಳಗೇ ಎಣಿಸುತ್ತಿದೆಯೇ ಎಂದು ತಿಳಿಯಲು 9+3, 9+7 ಎರಡನ್ನೂ ಕೇಳಿ ಗಮನಿಸಿ. ಎರಡನೆಯದಕ್ಕೆ ತೀರಾ ಹೆಚ್ಚು ಹೊತ್ತು ಹಿಡಿದರೆ, ತುಟಿ ಅಲುಗಾಡಿದರೆ, ಎಣಿಕೆ ನಡೆಯುತ್ತಿದೆ ಎಂದೇ ಅರ್ಥ. ಆಗ ಬೈಯದೆ ಮತ್ತೆ ಬೀಜಗಳತ್ತ ಹೋಗಿ. ಗಡಿಯಾರ ಹಿಡಿದು ಅವಸರಪಡಿಸಿದರೆ ಮಗು ತನಗೆ ಅಭ್ಯಾಸವಾದ ಬೆರಳೆಣಿಕೆಗೇ ಮರಳುತ್ತದೆ.

ಎಲ್ಲ ಲೆಕ್ಕಕ್ಕೂ ಹತ್ತು ಮಾಡುವುದೇ ಹತ್ತಿರದ ದಾರಿಯಲ್ಲ. ಒಂದು ಸಂಖ್ಯೆ 8 ಅಥವಾ 9 ಆಗಿದ್ದರೆ ಅದು ಸುಲಭ. 6+7ರಂತೆ ಅಕ್ಕಪಕ್ಕದ ಸಂಖ್ಯೆಗಳು ಬಂದರೆ ಎರಡರಷ್ಟು ಮಾಡುವ ಉಪಾಯ ವಾಸಿ. ಆರು ಆರು ಹನ್ನೆರಡು, ಇನ್ನೊಂದು ಸೇರಿದರೆ ಹದಿಮೂರು. ಇದಕ್ಕಾಗಿ ಒಂದರಿಂದ ಹತ್ತರವರೆಗಿನ ಜೋಡಿಗಳು ಕೇಳಿದ ಕೂಡಲೇ ಬಾಯಿಗೆ ಬರಬೇಕು. ಅವನ್ನು ಕ್ರಮ ತಪ್ಪಿಸಿ ಕೇಳಿ, ಇಲ್ಲದಿದ್ದರೆ ರಾಗ ಮಾತ್ರ ಬಾಯಿಪಾಠವಾಗುತ್ತದೆ. ಇಲ್ಲಿಯೂ ಒಂದು ತಪ್ಪು ನುಸುಳುತ್ತದೆ: ಕೆಲವರು ಏಳು ಏಳು ಹದಿನಾಲ್ಕು ಎಂದು, ಒಂದು ಕಳೆಯುವ ಬದಲು ಕೂಡಿಸಿ 15 ಎನ್ನುತ್ತಾರೆ. ‘ಯಾವ ಜೋಡಿ ಹಿಡಿದೆ? ಅದು ನಮ್ಮ ಲೆಕ್ಕಕ್ಕಿಂತ ದೊಡ್ಡದೋ ಚಿಕ್ಕದೋ?’ ಎಂದು ಕೇಳಿದರೆ ಬಹಳಷ್ಟು ಮಕ್ಕಳು ತಾವೇ ತಿದ್ದಿಕೊಳ್ಳುತ್ತಾರೆ.

7+5 ಬಂದಾಗ ಒಬ್ಬರು ಏಳನ್ನು ಹತ್ತು ಮಾಡಬಹುದು, ಇನ್ನೊಬ್ಬರು ಏಳರಿಂದ ಒಂದನ್ನು ಐದಕ್ಕೆ ಕೊಟ್ಟು ಆರು ಆರು ಹನ್ನೆರಡು ಎನ್ನಬಹುದು. ಇಬ್ಬರೂ ತಮ್ಮ ದಾರಿಯನ್ನು ತರಗತಿಗೆ ಹೇಳಲಿ.

ಇದೇ ಹೆಜ್ಜೆಗಳಿಂದ ಮುಂದಿನ ಲೆಕ್ಕಗಳಿಗೆ ದಾಟಬಹುದು. 38+5 ಎಂದರೆ ಎರಡು ಕೊಟ್ಟು 40, ಉಳಿದ ಮೂರು ಸೇರಿ 43. 13ರಲ್ಲಿ 8 ಕಳೆಯಬೇಕಾದರೆ ಎಂಟರಿಂದ ಹತ್ತಕ್ಕೆ ಎರಡು, ಹತ್ತರಿಂದ ಹದಿಮೂರಕ್ಕೆ ಮೂರು, ಒಟ್ಟು ಐದು. ಹೇಳಿಕೊಡದೆಯೇ ಮಗು 48+6ನ್ನು ‘ಐವತ್ತು, ಮತ್ತೆ ನಾಲ್ಕು’ ಎಂದು ಮಾಡಿದರೆ ಉಪಾಯ ಅದರದ್ದೇ ಆಗಿದೆ, ಇನ್ನು ಎರಡಂಕಿಯ ಲೆಕ್ಕಗಳಿಗೆ ಧೈರ್ಯವಾಗಿ ಹೋಗಬಹುದು.