ಲೀಟರ್ ಹೇಳಿದರೆ ಸಾಲದು, ಮುಚ್ಚಳ ತೋರಿಸಿ

‘ಐದು ಲೀಟರ್ ಕುಕ್ಕರಿಗೆ ಒಂದು ರಬ್ಬರ್ ಕೊಡಿ’ ಎಂದು ಪಾತ್ರೆ ಅಂಗಡಿಯಲ್ಲಿ ಕೇಳುವವರೇ ಹೆಚ್ಚು. ಅನುಭವಿ ಅಂಗಡಿಯವರು ಕೂಡಲೇ ರಬ್ಬರ್ ತೆಗೆದುಕೊಡುವುದಿಲ್ಲ. ‘ಒಳ ಮುಚ್ಚಳವೋ, ಹೊರ ಮುಚ್ಚಳವೋ?’ ಎಂದು ಮೊದಲು ಕೇಳುತ್ತಾರೆ. ಉತ್ತರ ತಡವರಿಸಿದರೆ, ‘ನಾಳೆ ಮುಚ್ಚಳ ತಂದುಬಿಡಿ’ ಎನ್ನುತ್ತಾರೆ. ಲೀಟರ್ ಎಂದರೆ ಪಾತ್ರೆಯೊಳಗೆ ಎಷ್ಟು ಹಿಡಿಯುತ್ತದೆ ಎಂಬ ಲೆಕ್ಕ. ಗ್ಯಾಸ್ಕೆಟ್ ಕೂರುವುದು ಬಾಯಿಯಲ್ಲಿ. ಬಾಯಿ ಅಷ್ಟೇ ಇದ್ದು ಪಾತ್ರೆ ಎತ್ತರವಾದರೆ ಲೀಟರ್ ಹೆಚ್ಚುತ್ತದೆ, ಗ್ಯಾಸ್ಕೆಟ್ ಮಾತ್ರ ಅದೇ ಇರುತ್ತದೆ.

ಹಾಕಿನ್ಸ್ ಕುಕ್ಕರುಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಆ ಕಂಪನಿಯ ಎ10-09 ಎಂಬ ಗ್ಯಾಸ್ಕೆಟ್ 2ರಿಂದ 4 ಲೀಟರಿನ ಕುಕ್ಕರುಗಳಿಗೆ, ಬಿ10-09 ಎಂಬುದು 3.5ರಿಂದ 8 ಲೀಟರಿನವಕ್ಕೆ. ನಾಲ್ಕು ಲೀಟರಿನ ಹತ್ತಿರ ಎರಡೂ ಪಟ್ಟಿಗಳು ಒಂದರ ಮೇಲೊಂದು ಬರುತ್ತವೆ. ಅಲ್ಲಿ ಲೀಟರ್ ಕೇಳಿ ಕೊಂಡವರು ಅದೃಷ್ಟವನ್ನು ನಂಬಬೇಕು, ಬಾಯಿ ಅಳೆದವರಿಗೆ ಆ ಕಷ್ಟವಿಲ್ಲ. ಅದೇ ಕಂಪನಿಯ ಕಪ್ಪು ಫ್ಯೂಚುರಾ ಕುಕ್ಕರಿಗೆ ಬೇರೆಯದೇ ಗ್ಯಾಸ್ಕೆಟ್ ಇದೆ. ಹೀಗಾಗಿ ಕಂಪನಿಯ ಹೆಸರಿನ ಜೊತೆ ಮಾದರಿಯ ಹೆಸರೂ ಗೊತ್ತಿರಬೇಕು.

ಹೆಸರು ಹುಡುಕುವಾಗ ಹೆಚ್ಚಿನವರು ಹಿಡಿಯನ್ನು ನೋಡುತ್ತಾರೆ. ಮೋಸ ಹೋಗುವುದೂ ಅಲ್ಲೇ. ಹಿಡಿ ಸುಟ್ಟು ಮುರಿದಾಗ ರಿಪೇರಿಯವರು ಕೈಗೆ ಸಿಕ್ಕ ಕಂಪನಿಯ ಹಿಡಿ ಕೂರಿಸಿರಬಹುದು, ಮುಚ್ಚಳವೂ ಪಕ್ಕದ ಮನೆಯದಿರಬಹುದು. ಪಾತ್ರೆಯ ತಳದಲ್ಲಿ ಅಚ್ಚಾದ ಬರಹವನ್ನು ಹೆಚ್ಚು ನಂಬಬಹುದು. ಹುಣಸೆಹಣ್ಣು ಹಚ್ಚಿ ಮಸಿ ಉಜ್ಜಿದರೆ ಕಂಪನಿಯ ಹೆಸರು, ಲೀಟರ್, ಐಎಸ್‌ಐ ಗುರುತು ಎದ್ದು ಬರುವುದುಂಟು. ಇಪ್ಪತ್ತು ವರ್ಷ ಉರಿಯ ಮೇಲೆ ಕೂತ ತಳದಲ್ಲಿ ಅದೂ ಅಳಿಸಿಹೋಗಿದ್ದರೆ, ಉಳಿಯುವ ಸಾಕ್ಷಿ ಮುಚ್ಚಳವೊಂದೇ.

ಒಳ ಮುಚ್ಚಳವನ್ನು ಗುರುತಿಸುವುದು ಸುಲಭ. ಓರೆ ಮಾಡಿ ಪಾತ್ರೆಯೊಳಗೆ ಇಳಿಸಿ, ಮೇಲಕ್ಕೆ ಎಳೆದು ಬಾಯಿಯ ಅಂಚಿಗೆ ಒಳಗಿನಿಂದ ತಾಗಿಸಿ, ಹಿಡಿಗಳನ್ನು ಸಿಕ್ಕಿಸಬೇಕು. ಒಳಗೆ ಹಬೆ ಏರಿದಷ್ಟೂ ಅದೇ ಮುಚ್ಚಳವನ್ನು ಮೇಲಕ್ಕೆ ಒತ್ತುತ್ತದೆ, ಗ್ಯಾಸ್ಕೆಟ್ ಬಾಯಿಗೆ ಇನ್ನಷ್ಟು ಬಿಗಿಯಾಗುತ್ತದೆ. ಇಂಥ ಮುಚ್ಚಳ ಪೂರ್ತಿ ದುಂಡಗಿಲ್ಲ, ತುಸು ಮೊಟ್ಟೆಯಾಕಾರದ್ದು. ದುಂಡಗಿದ್ದರೆ ಅದು ಬಾಯಿಯೊಳಗೆ ಇಳಿಯುತ್ತಲೇ ಇರಲಿಲ್ಲ. ಗ್ಯಾಸ್ಕೆಟ್ ಮಾತ್ರ ದುಂಡಗೆ ಬರುತ್ತದೆ. ಮುಚ್ಚಳದ ಅಂಚಿಗೆ ಬಳೆ ತೊಡಿಸಿದ ಹಾಗೆ ಹೊರಗಿನಿಂದ ಹಾಕಿದಾಗ ಅದು ಎಳೆದುಕೊಂಡು ಮುಚ್ಚಳದ ಆಕಾರಕ್ಕೆ ಹೊಂದುತ್ತದೆ. ಆದ್ದರಿಂದ ಇಲ್ಲಿ ಸ್ಕೇಲನ್ನು ಅಡ್ಡ ಇಟ್ಟು ಅಳೆದರೆ ಒಂದೊಂದು ಕಡೆ ಒಂದೊಂದು ಲೆಕ್ಕ ಬರುತ್ತದೆ. ಗ್ಯಾಸ್ಕೆಟ್ ಕೂರುವ ಜಾಗದ ಸುತ್ತ ದಾರ ಸುತ್ತಿ, ಆ ದಾರದ ಉದ್ದವನ್ನು ಅಳೆಯುವುದೇ ಸರಿ.

ಹೊರ ಮುಚ್ಚಳ ಪಾತ್ರೆಯ ಮೇಲೆ ಟೋಪಿಯಾಗಿ ಕೂತು, ತಿರುಗಿಸಿದಾಗ ಬಿಗಿಯುತ್ತದೆ. ದಕ್ಷಿಣದ ಅಡುಗೆಮನೆಗಳಲ್ಲಿ ಇದೇ ಹೆಚ್ಚು ಕಾಣುವುದು. ಪ್ರೆಸ್ಟೀಜ್ ಹೆಸರು ಮಾಡಿದ್ದು ಈ ಬಗೆಯಿಂದ. ಅನ್ನ, ಬೇಳೆ, ಪಲ್ಯದ ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟು ಬೇಯಿಸುವ ಮನೆಗೆ ಒಳಗಿನ ಎತ್ತರ ಪೂರ್ತಿ ದಕ್ಕುವ ಮುಚ್ಚಳ ಬೇಕಾಗುತ್ತದೆ. ಇದರ ಗ್ಯಾಸ್ಕೆಟ್ ಮುಚ್ಚಳದ ಒಳಗೆ, ಅಂಚಿನ ಕೆಳಗೆ ಅಡಗಿ ಕೂರುತ್ತದೆ. ಮುಚ್ಚಳ ದುಂಡಗಿರುವುದರಿಂದ ಸ್ಕೇಲ್ ಸಾಕು. ಗ್ಯಾಸ್ಕೆಟ್ ತೆಗೆದು, ಅದು ಕೂರುತ್ತಿದ್ದ ಜಾಗದ ಒಂದು ಗೋಡೆಯಿಂದ ಎದುರು ಗೋಡೆಗೆ, ನಡುವಿನ ಮೂಲಕ ಎರಡು ದಿಕ್ಕಿನಲ್ಲಿ ಅಳೆಯಬೇಕು. ಎರಡು ಅಳತೆಗಳಲ್ಲಿ ವ್ಯತ್ಯಾಸ ಕಂಡರೆ ಮುಚ್ಚಳ ನೆಗ್ಗಿದೆ ಎಂದೇ ಅರ್ಥ. ಅದಕ್ಕೆ ಹೊಸ ಗ್ಯಾಸ್ಕೆಟ್ ಮದ್ದಲ್ಲ.

ಹಳೆಯ ಗ್ಯಾಸ್ಕೆಟ್ಟನ್ನೇ ಅಂಗಡಿಗೆ ಒಯ್ದು ಹೊಸದರ ಮೇಲಿಟ್ಟು ನೋಡುವುದು ರೂಢಿ. ಕಂಪನಿ, ಮಾದರಿ ಗುರುತಿಸಲು ಅದು ಒಳ್ಳೆಯದು, ಏಕೆಂದರೆ ಅನೇಕ ಗ್ಯಾಸ್ಕೆಟ್ಟುಗಳ ಮೈಮೇಲೆ ಹೆಸರು ಅಚ್ಚಾಗಿರುತ್ತದೆ. ಆದರೆ ಅಳತೆಗೆ ಅದನ್ನು ನಂಬುವಂತಿಲ್ಲ. ಬಿಸಿ, ಎಣ್ಣೆ ತಿಂದ ರಬ್ಬರ್ ಕೆಲವು ಮನೆಗಳಲ್ಲಿ ಸಡಿಲಗೊಂಡು ಹಿಗ್ಗಿರುತ್ತದೆ, ಕೆಲವು ಮನೆಗಳಲ್ಲಿ ಒಣಗಿ ಗಟ್ಟಿಯಾಗಿ ಕುಗ್ಗಿರುತ್ತದೆ. ಹಿಗ್ಗಿದ್ದಕ್ಕೆ ಹೊಂದಿಸಿ ಕೊಂಡ ಹೊಸ ರಬ್ಬರ್ ಮೊದಲ ದಿನದಿಂದಲೇ ದೊಡ್ಡದು.

ಒಂದು ಲೆಕ್ಕ ನೋಡೋಣ. ಹೆಸರು ಅಳಿಸಿದ ಒಳ ಮುಚ್ಚಳದ ಕುಕ್ಕರೊಂದರ ಅಂಚಿನ ಸುತ್ತ ಸುತ್ತಿದ ದಾರ 63 ಸೆಂಟಿಮೀಟರ್ ಬಂತು ಎನ್ನೋಣ. ಅದನ್ನು 3.14ರಿಂದ ಭಾಗಿಸಿದರೆ ಸುಮಾರು 20 ಸೆಂಟಿಮೀಟರ್. ಹೊಸ ಗ್ಯಾಸ್ಕೆಟ್ಟನ್ನು ಎಳೆಯದೆ ಮೇಜಿನ ಮೇಲಿಟ್ಟಾಗ ಅದರ ಒಳಗಿನ ಅಡ್ಡಳತೆ ಇದಕ್ಕೆ ಸಮ, ಅಥವಾ ಕೂದಲೆಳೆಯಷ್ಟು ಕಡಿಮೆ ಇರಬೇಕು, ಆಗಲೇ ಅದು ಅಂಚನ್ನು ಬಿಗಿದು ಹಿಡಿಯುವುದು. ದಾರದಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೂ ಅಡ್ಡಳತೆಯಲ್ಲಿ ತಪ್ಪುವುದು ಬರೀ ಮೂರು ಮಿಲಿಮೀಟರ್. ಹೊರ ಮುಚ್ಚಳವಾದರೆ ಲೆಕ್ಕ ತಿರುಗುಮುರುಗು: ಅಲ್ಲಿ ಹೊಂದಬೇಕಾದದ್ದು ಗ್ಯಾಸ್ಕೆಟ್ಟಿನ ಹೊರಗಿನ ಅಡ್ಡಳತೆ. ಒಳಗಿನದನ್ನೂ ಹೊರಗಿನದನ್ನೂ ಕಲಸಿಕೊಂಡೇ ಎಷ್ಟೋ ಜನ ಅಳೆದೂ ತಪ್ಪು ರಬ್ಬರ್ ತಂದಿರುತ್ತಾರೆ.

ಸುತ್ತಳತೆ ಹೊಂದಿದ ಮೇಲೂ ಒಂದು ಪರೀಕ್ಷೆ ಉಳಿಯುತ್ತದೆ. ರಬ್ಬರಿನ ದಪ್ಪ, ಅಗಲ, ಅದರ ಮೈಯ ಗೀರು, ತುಟಿ ಹಳೆಯದರಂತೆಯೇ ಇರಬೇಕು. ಹಳೆಯದನ್ನು ಹೇಗೂ ಬಿಸಾಡುವುದರಿಂದ ಕತ್ತರಿಯಿಂದ ಒಂದು ಕಡೆ ತುಂಡರಿಸಿ, ಕೊಯ್ದ ಮುಖವನ್ನು ಅಂಗಡಿಯವರಿಗೆ ತೋರಿಸಿದರೆ ಕೆಲಸ ಸಲೀಸು. ಹೊರ ಮುಚ್ಚಳಗಳಲ್ಲಿ ಇದಕ್ಕೆ ಇನ್ನೊಂದು ಕಾರಣವಿದೆ. ಅಂಥ ಹಲವು ಮುಚ್ಚಳಗಳ ಪಕ್ಕದಲ್ಲಿ ಉದ್ದನೆಯ ಕಿಂಡಿಯೊಂದಿರುತ್ತದೆ. ವಿಷಲ್ಲಿನ ದಾರಿ ಕಟ್ಟಿ, ಸೇಫ್ಟಿ ವಾಲ್ವೂ ಕೈಕೊಟ್ಟರೆ ಗ್ಯಾಸ್ಕೆಟ್ ಆ ಕಿಂಡಿಯಿಂದ ಹೊರಗೆ ಉಬ್ಬಿ ಹಬೆಯನ್ನು ಬಿಟ್ಟುಕೊಡಲಿ ಎಂಬ ಏರ್ಪಾಡು ಅದು. ಬೇರೆ ಮಾದರಿಯ ದಪ್ಪ, ಬಿರುಸು ರಬ್ಬರನ್ನು ಒತ್ತಿ ತುರುಕಿದರೆ ಕುಕ್ಕರ್ ಚೆನ್ನಾಗಿಯೇ ಕೂಗಬಹುದು. ಆದರೆ ಬೇಕಾದ ಹೊತ್ತಿನಲ್ಲಿ ಕಿಂಡಿಯಿಂದ ಉಬ್ಬಲಾರದು. ಕುಕ್ಕರ್ ರಬ್ಬರಿಗೆಂದೇ ಐಎಸ್ 7466 ಎಂಬ ಪ್ರತ್ಯೇಕ ಭಾರತೀಯ ಮಾನಕವಿದೆ. ಎಲ್ಲ ಕಂಪನಿಗೂ ಆಗುತ್ತದೆ ಎಂದು ಮಾರುವ, ಹೆಸರಿಲ್ಲದ ಅಗ್ಗದ ರಬ್ಬರಿನಲ್ಲಿ ನಾಲ್ಕು ಕಾಸು ಉಳಿಸುವುದು ಜಾಣತನವಲ್ಲ.

ಮನೆಗೆ ತಂದ ಮೇಲೆ ಅಡುಗೆಗೆ ಮೊದಲು ಬರೀ ನೀರು ಹಾಕಿ ಒಮ್ಮೆ ಕೂಗಿಸಿ ನೋಡಬೇಕು. ಗ್ಯಾಸ್ಕೆಟ್ ದೊಡ್ಡದಾಗಿದ್ದರೆ ಒಂದು ಕಡೆ ಮಡಿಕೆ ಬಿದ್ದು ಮುಚ್ಚಳ ಹಾಕಲು ಜಗ್ಗಾಡಬೇಕಾಗುತ್ತದೆ. ಹೊರ ಮುಚ್ಚಳದ ರಬ್ಬರ್ ಚಿಕ್ಕದಾದರೆ ಮುಚ್ಚಳ ಕವುಚಿದಾಗಲೇ ಕಳಚಿ ಬೀಳುತ್ತದೆ. ಎಲ್ಲವೂ ಸರಿಯಿದ್ದೂ ಒಂದೇ ಜಾಗದಿಂದ ಹಬೆ ಸೋರುತ್ತಿದೆಯೇ? ಒಲೆ ಆರಿಸಿ, ಹಬೆ ಪೂರ್ತಿ ಇಳಿದು ಕುಕ್ಕರ್ ತಣ್ಣಗಾದ ಮೇಲೆ ಆ ಜಾಗಕ್ಕೊಂದು ಗುರುತು ಹಾಕಿ, ಗ್ಯಾಸ್ಕೆಟ್ಟನ್ನು ಮುಚ್ಚಳದಲ್ಲೇ ಕಾಲು ಸುತ್ತು ತಿರುಗಿಸಿ ಮತ್ತೆ ಕೂಗಿಸಬೇಕು. ಸೋರಿಕೆ ರಬ್ಬರಿನ ಜೊತೆ ಸರಿದರೆ ದೋಷ ರಬ್ಬರಿನದು, ಅಂಗಡಿಗೆ ವಾಪಸು ಕೊಂಡೊಯ್ಯಬಹುದು. ಗುರುತಿನ ಜಾಗದಲ್ಲೇ ಉಳಿದರೆ ಪಾತ್ರೆಯ ಬಾಯಿಯೋ ಮುಚ್ಚಳದ ಅಂಚೋ ಅಲ್ಲಿ ನೆಗ್ಗಿದೆ, ಕುಕ್ಕರನ್ನು ಆ ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ಯಬೇಕು.